ಸಾಲ ಇಲ್ಲ ಅನ್ನುವ ಪತ್ರವನ್ನು ನಾನು ತಿದ್ದಿ ಬರೆದದ್ದು

ಬ್ಯಾಂಕಿನ ಸಾಲ ವಿಭಾಗದಲ್ಲಿ ನನ್ನ ಕೆಲಸ. ಒಂದು ದಿನ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಅಮ್ಮ ಒಬ್ಬರು ನಾಲ್ಕು ಮಡಿಕೆ ಮಾಡಿದ ಪತ್ರ ಹಿಡಿದುಕೊಂಡು ಬಂದರು. ‘ಸಾರ್, ಇದ್ರಲ್ಲಿ ನಂದೇನು ತಪ್ಪು ಅಂತ ಬರ್ದಿದೀರಾ?’ ಅಂತ ಕೇಳಿದರು. ಕೆಳಗೆ ಸಹಿ ನನ್ನದೇ.

ಪತ್ರದಲ್ಲಿ ಇದ್ದದ್ದು ಇಷ್ಟು: ‘ತಮ್ಮ ಅರ್ಜಿಯು ಬ್ಯಾಂಕಿನ ಆಂತರಿಕ ಮಾನದಂಡಗಳಿಗೆ ಅನುಗುಣವಾಗಿಲ್ಲದ ಕಾರಣ ಹಾಗೂ ಕ್ರೆಡಿಟ್ ಸ್ಕೋರ್ ಇತ್ಯಾದಿ ಕಾರಣಗಳಿಂದ ಪರಿಗಣಿಸಲು ಸಾಧ್ಯವಾಗಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ.’ ಓದಿದರೆ ಏನೂ ಗೊತ್ತಾಗಲ್ಲ. ಸಾಲ ಕೊಡದಿದ್ದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಮೊದಲು ಸಣ್ಣ ಸಾಲಗಳಿಗೆ ಮಾತ್ರ ಇದ್ದ ಈ ನಿಯಮವನ್ನು 2007ರಲ್ಲಿ ಎಲ್ಲ ಸಾಲಗಳಿಗೂ ತಂದರು. ‘ಆಂತರಿಕ ಮಾನದಂಡ’ ಅನ್ನುವುದು ಕಾರಣವೇ ಅಲ್ಲ.

ಫೈಲ್ ತೆಗೆದು ನೋಡಿದೆ. ಅವರ ಸ್ಕೋರ್ ಚೆನ್ನಾಗಿಯೇ ಇತ್ತು. ಆ ಸಾಲು ಸಿದ್ಧ ನಮೂನೆಯಿಂದ ಸುಮ್ನೆ ಬಂದು ಕೂತಿತ್ತು. ಪಾಪ, ಅವರು ಯಾವ ಕಂತು ತಪ್ಪಿಸಿದೆ ಅಂತ ವಾರಗಟ್ಟಲೆ ಯೋಚಿಸಿದ್ದರಂತೆ. ನಿಜವಾದ ಕಾರಣ ನಮ್ಮ ಟಿಪ್ಪಣಿಯಲ್ಲಿ ಒಂದು ಸಣ್ಣ ಲೆಕ್ಕವಾಗಿ ಇತ್ತು, ಅದು ಅವರ ಕೈಗೆ ಹೋಗಲೇ ಇಲ್ಲ.

ಹಾಗಾಗಿ ಪತ್ರದ ಮೊದಲ ಸಾಲಿನಲ್ಲೇ ತೀರ್ಮಾನ ಹೇಳಿದೆ, ಆಮೇಲೆ ಆ ಲೆಕ್ಕವನ್ನೇ ಇಟ್ಟೆ:

‘ನೀವು ಕೇಳಿದ 3 ಲಕ್ಷ ರೂಪಾಯಿ ಸಾಲವನ್ನು ಮೂರು ವರ್ಷದ ಅವಧಿಗೆ ಕೊಡಲು ನಮಗೆ ಆಗುತ್ತಿಲ್ಲ. ಕಾರಣ ಇದು. ನಿಮ್ಮ ಬ್ಯಾಂಕ್ ಖಾತೆಗೆ ಬಂದ ಹಣ ನೋಡಿ ತಿಂಗಳ ಆದಾಯವನ್ನು 28,000 ಎಂದು ಹಿಡಿದಿದ್ದೇವೆ. ಎಲ್ಲ ಸಾಲದ ಕಂತುಗಳು ಸೇರಿ ಇದರ ಅರ್ಧ, ಅಂದರೆ 14,000 ದಾಟಬಾರದು ಎಂಬುದು ನಮ್ಮ ನಿಯಮ. ಈಗಿರುವ ಸಾಲಗಳಿಗೆ ನೀವು 9,500 ಕಟ್ಟುತ್ತಿದ್ದೀರಿ. ಹೊಸ ಸಾಲಕ್ಕೆ ಶೇಕಡಾ 12ರ ಬಡ್ಡಿಯಲ್ಲಿ ಸುಮಾರು 9,960 ಕಂತು ಬರುತ್ತದೆ. ಎರಡೂ ಸೇರಿದರೆ 19,460 ಆಗುತ್ತದೆ.’

‘ನೀವು ಅರ್ಹರಲ್ಲ’ ಅನ್ನುವ ಮಾತನ್ನು ಪೂರ್ತಿ ಬಿಟ್ಟೆ. ಹೊಂದದೇ ಇದ್ದದ್ದು ಆ ಮೊತ್ತ ಮತ್ತು ಆ ಅವಧಿ, ಮನುಷ್ಯರಲ್ಲ ಅಲ್ವಾ.

ಮುಂದಿನ ದಾರಿಯೂ ಅದೇ ಲೆಕ್ಕದಿಂದ ಬರಬೇಕು. 14,000ದಲ್ಲಿ 9,500 ಕಳೆದರೆ 4,500 ಉಳಿಯುತ್ತದೆ. 2 ಲಕ್ಷವನ್ನು ಐದು ವರ್ಷಕ್ಕೆ ತಗೊಂಡರೆ ಕಂತು ಸುಮಾರು 4,450, ಹೊಂದುತ್ತದೆ. ಅವರ ಸ್ಕೂಟರ್ ಸಾಲದ 3,200 ಕಂತು ಏಳು ತಿಂಗಳಲ್ಲಿ ಮುಗಿಯುವುದಿತ್ತು. ಆಮೇಲೆ ಹೊಸ ಕಂತಿಗೆ 7,700 ಉಳಿಯುತ್ತದೆ, 3 ಲಕ್ಷಕ್ಕೆ ಐದು ವರ್ಷದ ಕಂತು 6,670ರಷ್ಟು. ಎರಡನ್ನೂ ಬರೆದೆ. ಅವಧಿ ಉದ್ದವಾದರೆ ಒಟ್ಟು ಬಡ್ಡಿ ಜಾಸ್ತಿ ಆಗುತ್ತದೆ ಅಂತಲೂ ಬರೆದೆ, ಅದನ್ನು ಮುಚ್ಚಿಟ್ಟು ದಾರಿ ತೋರಿಸುವುದು ಸರಿಯಲ್ಲ.

ಇಲ್ಲಿ ನಮ್ಮ ಮ್ಯಾನೇಜರ್ ತಡೆದರು. ‘ಈ ಪತ್ರ ಹಿಡ್ಕೊಂಡು ನಾಳೆ ಸಾಲ ಕೊಡ್ಲೇಬೇಕು ಅಂದ್ರೆ ಏನ್ರೀ ಮಾಡ್ತೀರಾ?’ ಅವರ ಮಾತಲ್ಲಿ ನ್ಯಾಯ ಇತ್ತು. ಆಗ ಒಂದು ಸಾಲು ಸೇರಿಸಿದೆ: ‘ಇದು ಇವತ್ತಿನ ಲೆಕ್ಕ. ನೀವು ಮತ್ತೆ ಅರ್ಜಿ ಹಾಕಿದಾಗ ಹೊಸದಾಗಿ ಪರಿಶೀಲಿಸುತ್ತೇವೆ. ಸಾಲ ಮಂಜೂರಾಗುತ್ತದೆ ಎಂದು ಈಗಲೇ ಹೇಳಲಾಗದು.’ ಕೊನೆಯಲ್ಲಿ ಯಾರನ್ನು ಕೇಳಬೇಕು ಅಂತ ನನ್ನ ಹೆಸರು, ಫೋನ್ ನಂಬರ್. ನಮ್ಮ ಉತ್ತರ ಸರಿ ಅನ್ನಿಸದಿದ್ದರೆ, ಅಥವಾ ದೂರು ಕೊಟ್ಟು 30 ದಿನ ಆದರೂ ಉತ್ತರ ಬರದಿದ್ದರೆ, ರಿಸರ್ವ್ ಬ್ಯಾಂಕಿನ cms.rbi.org.in ನಲ್ಲಿ ದೂರು ಹಾಕಬಹುದು ಅಂತಲೂ ಕೊಟ್ಟೆ.

ಕಳಿಸುವ ಮೊದಲು ನಮ್ಮ ಅಟೆಂಡರ್ ಕೈಗೆ ಕೊಟ್ಟು ‘ಓದಿ, ಈ ಅಮ್ಮ ಈಗ ಏನು ಮಾಡಬೇಕು ಅಂತ ಹೇಳಿ’ ಅಂದೆ. ಅವರು ಎರಡು ದಾರಿಯನ್ನೂ ಸರಿಯಾಗಿ ಹೇಳಿದರು. ಆದರೆ ‘ಪರಿಶೀಲಿಸಿ ನಿರ್ಣಯಿಸಲಾಗುವುದು’ ಅಂತ ಒಂದು ಕಡೆ ಉಳಿದುಕೊಂಡಿದ್ದಲ್ಲಿ ತಡವರಿಸಿದರು, ಅದನ್ನು ‘ನೋಡಿ ತಿಳಿಸುತ್ತೇವೆ’ ಅಂತ ಮಾಡಿದೆ.

ಸ್ಕೋರ್ ನಿಜವಾಗಿ ಕಾರಣವಾದ ಅರ್ಜಿಗಳಿಗೆ ಬೇರೆ ಪ್ಯಾರಾ ಇಟ್ಟುಕೊಂಡಿದ್ದೇನೆ. ಸ್ಕೋರ್ ಕೊಡುವ ಯಾವ ಕಂಪನಿಯ ವರದಿ ನೋಡಿದೆವು, ಅದರಲ್ಲಿ ಯಾವ ಸಾಲದ ಯಾವ ನಮೂದು ಅಡ್ಡ ಬಂತು ಅಂತ ಬರೆಯುತ್ತೇನೆ. ಪೂರ್ತಿ ವರದಿ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ, ತಪ್ಪಿದ್ದರೆ ದೂರು ಕೊಟ್ಟ 30 ದಿನದಲ್ಲಿ ಸರಿಪಡಿಸಬೇಕು. ಬೇರೆಯವರ ಸಾಲಕ್ಕೆ ಜಾಮೀನು ನಿಂತು ಸಿಕ್ಕಿಕೊಂಡಿದ್ದರೆ ಆ ಇನ್ನೊಬ್ಬರ ಹೆಸರು ಹಾಕುವುದಿಲ್ಲ. ಲಕೋಟೆಯನ್ನು ಮನೆಯಲ್ಲಿ ಯಾರು ಒಡೆಯುತ್ತಾರೋ ಗೊತ್ತಿರಲ್ಲ.

ಪತ್ರ ತಲುಪಿದ ಮೇಲೆ ಆ ಅಮ್ಮ ಮತ್ತೆ ಬಂದರು. ಈ ಸಲ 28,000 ಅನ್ನುವ ಅಂಕಿಯ ಮೇಲೆ ಬೆರಳಿಟ್ಟು, ‘ಇದು ಕಮ್ಮಿ ಆಯ್ತು ಸಾರ್. ಅಂಗಡಿ ಸ್ಕ್ಯಾನರ್ ದುಡ್ಡು ಮಗನ ಖಾತೆಗೆ ಹೋಗುತ್ತೆ’ ಅಂದರು. ಅದು ನಮಗೆ ಗೊತ್ತೇ ಇರಲಿಲ್ಲ. ಮಗನ ಖಾತೆಯ ಹಣವನ್ನು ಇವರ ಆದಾಯ ಅಂತ ಹಿಡಿಯೋಕೆ ಬರಲ್ಲ ಅಂತ ವಿವರಿಸಿದೆ. ಅವತ್ತೇ ಅವರ ಖಾತೆಗೆ ಹೊಸ ಸ್ಕ್ಯಾನರಿಗೆ ಅರ್ಜಿ ಬರೆಸಿಕೊಂಡೆವು. ಒಂದು ಹೊಲಿಗೆ ಮಷೀನಿಗೆ ಸಾಕು ಅಂತ 2 ಲಕ್ಷದ ಅರ್ಜಿಯನ್ನೂ ಅವರೇ ತುಂಬಿ ಕೊಟ್ಟು ಹೋದರು.