ಒಂದೇ ಅಂಗಡಿಯ ಜಾಹೀರಾತಿನಿಂದ ಎಷ್ಟು ಜನ ಬಂದರು: ನನ್ನ ಅನುಭವ

ಮೈಸೂರಿನ ಸರಸ್ವತೀಪುರದ ಬಳಿಯ ಕನ್ನಡಕದ ಅಂಗಡಿಯೊಂದಕ್ಕೆ ನಾನು ಗೂಗಲ್ ಜಾಹೀರಾತು ನೋಡಿಕೊಳ್ಳುತ್ತೇನೆ. ತಿಂಗಳ ಖರ್ಚು ಸುಮಾರು 12,000 ರೂಪಾಯಿ. ಜಾಹೀರಾತು ನೋಡಿ ಅಂಗಡಿಗೆ ಬಂದವರನ್ನು ಗೂಗಲ್ ಅಂದಾಜು ಮಾಡಿ ಕೊಡುವ Store visits ಅಂಕಿ ಇಷ್ಟು ಚಿಕ್ಕ ಖಾತೆಯಲ್ಲಿ ಕಾಣಿಸುವುದೇ ಇಲ್ಲವಾದ್ದರಿಂದ, ಜಾಹೀರಾತು ತಂದ ಗಿರಾಕಿಗಳನ್ನು ಲೆಕ್ಕ ಹಾಕಲಾಗದು ಎಂದು ಮಾಲೀಕರೂ ಅವರ ಲೆಕ್ಕಪರಿಶೋಧಕರೂ ತೀರ್ಮಾನಿಸಿಬಿಟ್ಟಿದ್ದರು.

ಮೊದಲು ಬಾಗಿಲಿಗೆ ಹಾಕಿಸಿದ ಸೆನ್ಸರ್ ಸುಮಾರು 4,000 ರೂಪಾಯಿ ನುಂಗಿತು. ಟೀ ತರಲು ಹೋದ ಹುಡುಗನನ್ನೂ, ಒಬ್ಬರ ಕಣ್ಣು ಪರೀಕ್ಷೆಗೆ ಜೊತೆಯಾಗಿ ಬಂದ ಇಡೀ ಕುಟುಂಬವನ್ನೂ ಅದು ಎಣಿಸುತ್ತಿತ್ತು. ‘ಜಾಹೀರಾತು ತೋರಿಸಿದರೆ ಫ್ರೇಮ್ ಉಚಿತವಾಗಿ ಸ್ವಚ್ಛ’ ಎಂಬ ಕೂಪನ್ನಿಗೆ ಬಂದವರಲ್ಲಿ ಹೆಚ್ಚಿನವರು ಹಳೆಯ ಗಿರಾಕಿಗಳೇ. ಮ್ಯಾಪ್‌ನಲ್ಲಿ ದಾರಿ ಕೇಳಿದವರ ಸಂಖ್ಯೆಯನ್ನೂ ನಾನು ನಂಬುವುದಿಲ್ಲ. ದಾರಿ ಒತ್ತಿದವರೆಲ್ಲ ಬರುವುದಿಲ್ಲ, ಬಂದವರೆಲ್ಲ ಒತ್ತಿರುವುದಿಲ್ಲ.

ಕೊನೆಗೆ ಊರನ್ನೇ ಎರಡು ಭಾಗ ಮಾಡಿದೆ. ಕುವೆಂಪುನಗರ, ರಾಮಕೃಷ್ಣನಗರ ಒಂದು ಕಡೆ. ಗೋಕುಲಂ, ವಿಜಯನಗರ ಇನ್ನೊಂದು ಕಡೆ. ಅಂಗಡಿಯ ಸುತ್ತಲಿನ ಬೀದಿಗಳವರು ಹೇಗೂ ಬೋರ್ಡು ನೋಡಿ ಬರುತ್ತಾರೆಂದು ಅವನ್ನು ಲೆಕ್ಕದಿಂದ ಬಿಟ್ಟೆ. ಆ ಜಾಗದಲ್ಲಿ ಇರುವವರಿಗೆ ಅಥವಾ ಅಲ್ಲಿ ಆಗಾಗ ಓಡಾಡುವವರಿಗೆ ಮಾತ್ರ ಜಾಹೀರಾತು ಕಾಣುವಂತೆ ಸ್ಥಳದ ಆಯ್ಕೆಯನ್ನು Presence ಎಂದು ಬದಲಿಸಿ, ಹದಿನೈದು ದಿನ ಒಂದು ಕಡೆ ಮಾತ್ರ ಜಾಹೀರಾತು ಓಡಿಸಿ, ಮುಂದಿನ ಹದಿನೈದು ದಿನ ಇನ್ನೊಂದು ಕಡೆಗೆ ತಿರುಗಿಸಿದೆ. ಎರಡೂ ಭಾಗಗಳನ್ನು ಅದೇ ದಿನಗಳಲ್ಲಿ ಹೋಲಿಸುವುದರಿಂದ ಸಂಬಳದ ವಾರ, ಮಳೆ, ಹಬ್ಬ ಇವೆಲ್ಲ ಎರಡಕ್ಕೂ ಬಹುಮಟ್ಟಿಗೆ ಸಮನಾಗಿ ಬೀಳುತ್ತವೆ.

‘ನಮ್ಮ ಬಗ್ಗೆ ಹೇಗೆ ಗೊತ್ತಾಯಿತು’ ಎಂಬ ಪ್ರಶ್ನೆಯನ್ನು ಕೈಬಿಟ್ಟೆ, ಏಕೆಂದರೆ ಅದಕ್ಕೆ ಸಿಗುವ ಉತ್ತರ ನೆನಪಿನದಲ್ಲ, ಊಹೆಯದು. ಬಿಲ್ಲಿನಲ್ಲಿ ಮೊಬೈಲ್ ಸಂಖ್ಯೆಯ ಜೊತೆಗೆ ಬಡಾವಣೆಯ ಹೆಸರನ್ನಷ್ಟೇ ಬರೆಸಿ, ಹೊಸ ಸಂಖ್ಯೆಗಳನ್ನು ಮಾತ್ರ ಎಣಿಸಿದೆ. ಗಿರಾಕಿಗೆ ಮುಜುಗರವಾಗದಂತೆ ಬಡಾವಣೆ ಕೇಳುವ ಮಾತೊಂದನ್ನು ಸಿಬ್ಬಂದಿಗೆ ಕಲಿಸಿದ್ದೇನೆ. ಅದು ನನ್ನ ಬಳಿಯೇ ಇರಲಿ.

ಜಾಹೀರಾತು ಓಡಿದ ಭಾಗದಿಂದ ಹದಿನೈದು ದಿನಕ್ಕೆ ಸುಮಾರು 29 ಹೊಸ ಬಿಲ್ಲು, ಓಡದ ಭಾಗದಿಂದ ಸುಮಾರು 20. ಇಂಥ ಸಣ್ಣ ಸಂಖ್ಯೆ ತಾನಾಗಿಯೇ ನಾಲ್ಕೈದು ಹೆಚ್ಚು ಕಡಿಮೆಯಾಗುತ್ತದೆ, ಆದ್ದರಿಂದ ಒಂದು ಸರದಿಯ ಅಂತರವನ್ನು ನಾನು ಯಾರಿಗೂ ತೋರಿಸಲಿಲ್ಲ. ಎರಡು ತಿಂಗಳು ಕೂಡಿಸಿದಾಗ ಅಂತರ 36ರ ಆಸುಪಾಸಿಗೆ ಬಂತು, ಬದಿ ಬದಲಿಸಿದಾಗಲೂ ಹೆಚ್ಚಳ ಜಾಹೀರಾತಿನ ಹಿಂದೆಯೇ ಹೋಯಿತು. 24,000 ರೂಪಾಯಿಯನ್ನು ಭಾಗಿಸಿದರೆ ಹೊಸ ಗಿರಾಕಿಯೊಬ್ಬರಿಗೆ ಸುಮಾರು 670 ರೂಪಾಯಿ. ಬಿಲ್ಲೊಂದರಲ್ಲಿ ಉಳಿಯುವುದು ಸುಮಾರು 1,400.

ಗೋಕುಲಂನಲ್ಲಿ ಮನೆ, ಕುವೆಂಪುನಗರದಲ್ಲಿ ಕೆಲಸ ಇರುವವರು ಎರಡೂ ಭಾಗಗಳಲ್ಲಿ ಓಡಾಡುವುದರಿಂದ ಅಂತರ ಸ್ವಲ್ಪ ತಗ್ಗಿರಲೇಬೇಕು. ಬಂದು ನೋಡಿ ಕೊಳ್ಳದೆ ಹೋದವರು ಈ ಲೆಕ್ಕಕ್ಕೆ ಸಿಗುವುದೂ ಇಲ್ಲ. ಆದರೂ ಲೆಕ್ಕಪರಿಶೋಧಕರು ಬಿಲ್ಲುಗಳನ್ನು ತಾವೇ ಎಣಿಸಿ ನೋಡಿ, ಮುಂದಿನ ತಿಂಗಳಿಗೆ 15,000 ರೂಪಾಯಿ ಒಪ್ಪಿದರು.