ಏರುತ್ತಿರುವ ಷೇರನ್ನು ಕಂಡು ಕೈ ಚಡಪಡಿಸಿದಾಗ: ನಾಲ್ಕು ಪ್ರಶ್ನೆಗಳ ಪಟ್ಟಿ

ಮಾರುಕಟ್ಟೆ ಸತತವಾಗಿ ಏರುತ್ತಿರುವ ದಿನಗಳಲ್ಲಿ ಜನ ಮಾಡುವ ತಪ್ಪನ್ನು ನಾನು ಬಹಳ ಹತ್ತಿರದಿಂದ ನೋಡುತ್ತ ಬಂದಿದ್ದೇನೆ. ಷೇರು ಮೇಲೇರಲು ಶುರುವಾದ ಮೊದಲ ದಿನ ಅವರು ಸುಮ್ಮನಿರುತ್ತಾರೆ. ಮೂರನೆಯ ದಿನ ಮರುಗುತ್ತಾರೆ. ಆರನೆಯ ದಿನ, ಎಲ್ಲರೂ ಅದರ ಬಗ್ಗೆಯೇ ಮಾತನಾಡುತ್ತಿರುವಾಗ, ಸಿಕ್ಕ ಬೆಲೆಗೆ ಕೊಂಡುಬಿಡುತ್ತಾರೆ. ಅವಕಾಶ ಕೈತಪ್ಪುತ್ತಿದೆ ಎಂಬ ಭಯ ಆ ಹೊತ್ತಿಗೆ ಎಷ್ಟು ಬಲವಾಗಿರುತ್ತದೆಂದರೆ, ‘ತಾಳ್ಮೆಯಿಂದಿರಿ’ ಎಂಬ ಬುದ್ಧಿಮಾತಿನಿಂದ ಏನೂ ಆಗುವುದಿಲ್ಲ. ಉತ್ತರ ಬರೆಯಲೇಬೇಕಾದ ಪ್ರಶ್ನೆಗಳಿದ್ದರೆ ಮಾತ್ರ ಕೈ ನಿಲ್ಲುತ್ತದೆ.

ಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ. ಮೊಬೈಲಿನಲ್ಲಿ ಬೇಡ, ಖರೀದಿಯ ಗುಂಡಿ ಇರುವ ಪರದೆಯಲ್ಲೇ ಪಟ್ಟಿಯೂ ಇದ್ದರೆ ಅದನ್ನು ಓದದೆ ದಾಟಿಬಿಡುವುದು ತೀರಾ ಸುಲಭ. ಇಪ್ಪತ್ತು ಮೂವತ್ತು ಅಂಶಗಳ ಸಿದ್ಧ ಪಟ್ಟಿಗಳನ್ನು ದುಡ್ಡು ಕೊಟ್ಟು ತರಿಸಿಕೊಳ್ಳುವವರಿದ್ದಾರೆ. ಅವು ಪ್ರಯೋಜನಕ್ಕೆ ಬಾರವು. ಅಷ್ಟು ಅಂಶಗಳಲ್ಲಿ ಹತ್ತಕ್ಕಾದರೂ ‘ಹೌದು’ ಎಂಬ ಉತ್ತರ ಸಿಕ್ಕೇ ಸಿಗುತ್ತದೆ, ಕೊಳ್ಳಲು ಅದೇ ನೆಪವಾಗುತ್ತದೆ. ನಾಲ್ಕು ಪ್ರಶ್ನೆ ಸಾಕು.

ಮೊದಲ ಪ್ರಶ್ನೆ: ಏರಿಕೆ ಶುರುವಾಗುವ ಮೊದಲೇ ಈ ಷೇರು ನನ್ನ ಗಮನದಲ್ಲಿತ್ತೇ? ಇಲ್ಲವಾದರೆ, ಬೆಲೆ ಏರಿದೆ ಎಂಬುದನ್ನು ಬಿಟ್ಟು ಕೊಳ್ಳಲು ಬೇರೊಂದು ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ವಾಕ್ಯ ಹುಟ್ಟದಿದ್ದರೆ ಅಂದಿಗೆ ಅಲ್ಲಿಗೆ ನಿಲ್ಲಿಸಿ.

ಎರಡನೆಯ ಪ್ರಶ್ನೆ: ಬೆಲೆ ಎಲ್ಲಿಗೆ ಇಳಿದರೆ ನನ್ನ ಲೆಕ್ಕ ತಪ್ಪು ಎಂದು ಒಪ್ಪಿಕೊಂಡು ಹೊರಬರುತ್ತೇನೆ? ಬಹುತೇಕರು ಎಡವುವುದು ಇಲ್ಲಿ, ಹಾಗಾಗಿ ಒಂದು ಉದಾಹರಣೆಯನ್ನು ನಿಧಾನವಾಗಿ ನೋಡೋಣ.

ಒಂದು ಷೇರು ಹಲವು ವಾರ 90 ಮತ್ತು 100ರ ನಡುವೆಯೇ ಓಡಾಡಿ, ಒಂದು ದಿನ 100ನ್ನು ದಾಟಿ 102ಕ್ಕೆ ಬಂತು ಎನ್ನಿ. ಅಂದು ಕೊಂಡವನಿಗೆ ಸ್ಟಾಪ್‌ಲಾಸ್, ಅಂದರೆ ತಪ್ಪೊಪ್ಪಿಕೊಂಡು ಮಾರಿ ಹೊರಬರುವ ಆ ಬೆಲೆ, ಎಲ್ಲಿರಬೇಕು ಎಂಬುದು ಸ್ಪಷ್ಟ. ದಾಟಿದ ಗೆರೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟು 97ರಲ್ಲಿ. ಬೆಲೆ ಅಲ್ಲಿಗೆ ಮರಳಿತೆಂದರೆ ಏರಿಕೆ ಹುಸಿಯಾಯಿತು ಎಂದರ್ಥ. ಈಗ ಆರು ದಿನಗಳ ನಂತರ ಬೆಲೆ 118. ಏರಿಕೆ ಹುಸಿ ಎಂದು ತಿಳಿಯುವ ಜಾಗ ಮಾತ್ರ ಇನ್ನೂ 97ರಲ್ಲೇ ಇದೆ, ಏಕೆಂದರೆ ಷೇರು ನಡುವೆ ಎಲ್ಲಿಯೂ ನಿಂತು ಉಸಿರಾಡಿಲ್ಲ. ಮೊದಲು 5 ಇದ್ದ ಅಂತರ ಈಗ 21 ಆಗಿದೆ.

ಮೂರನೆಯ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ: ಆ ಅಂತರಕ್ಕೆ ಎಷ್ಟು ಷೇರು? ನಿಮ್ಮ ಬಂಡವಾಳ 2,00,000 ಇದ್ದು, ಒಂದು ಖರೀದಿಯಲ್ಲಿ ಶೇ 1ಕ್ಕಿಂತ ಹೆಚ್ಚು, ಅಂದರೆ 2,000ಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ ಎಂದು ನಿಶ್ಚಯಿಸಿದ್ದೀರಿ ಎನ್ನಿ. 2,000ವನ್ನು ಅಂತರದಿಂದ ಭಾಗಿಸಿ. 102ರಲ್ಲಿ ಕೊಂಡಿದ್ದರೆ 400 ಷೇರು ಸಿಗುತ್ತಿತ್ತು. 118ರಲ್ಲಿ ಸಿಗುವುದು 95 ಮಾತ್ರ.

ಈ 95 ಎಂಬ ಸಂಖ್ಯೆಯನ್ನು ಕಂಡೊಡನೆ ಅವಸರದವರು ಒಂದು ಕೆಲಸ ಮಾಡುತ್ತಾರೆ. ‘ಇಷ್ಟು ಕಡಿಮೆ ಷೇರಿನಿಂದ ಏನು ಲಾಭ’ ಎಂದುಕೊಂಡು ಸ್ಟಾಪ್‌ಲಾಸನ್ನು 116ಕ್ಕೆ ಎಳೆದು ತರುತ್ತಾರೆ. ಅಂತರ 2 ಆಯಿತು, 1,000 ಷೇರು ಕೊಳ್ಳಬಹುದು, ಕಾಗದದ ಮೇಲೆ ನಷ್ಟ ಈಗಲೂ 2,000ವೇ. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಬಂಡವಾಳದಲ್ಲಿ 1,18,000 ಒಂದೇ ಷೇರಿಗೆ ಹೋಗಿದೆ. ಈ ಷೇರು ಯಾವ ಸುದ್ದಿಯೂ ಇಲ್ಲದ ದಿನದಲ್ಲೇ 3ರಷ್ಟು ಮೇಲೆ ಕೆಳಗೆ ಆಡುತ್ತದೆ ಎಂದಾದರೆ, 2ರ ಅಂತರದ ಸ್ಟಾಪ್‌ಲಾಸ್ ಏರಿಕೆ ಮುರಿಯದಿದ್ದರೂ ಮುಟ್ಟಿಹೋಗುತ್ತದೆ. ಅದಕ್ಕಿಂತ ಅಪಾಯದ್ದು ಮರುದಿನದ ಆರಂಭ. ರಾತ್ರಿ ಏನೋ ಸುದ್ದಿ ಬಂದು ಬೆಲೆ ನೇರವಾಗಿ 110ರಲ್ಲೇ ತೆರೆದುಕೊಂಡರೆ 116ಕ್ಕೆ ಕೊಳ್ಳುವವರು ಯಾರೂ ಇರುವುದಿಲ್ಲ. ಸ್ಟಾಪ್‌ಲಾಸ್ ಎಂಬುದು ಆ ಬೆಲೆಗೇ ಮಾರಿಕೊಡುವ ಖಾತರಿಯಲ್ಲ. 8ರಂತೆ 1,000 ಷೇರಿಗೆ 8,000 ಹೋಯಿತು, ಬಂಡವಾಳದ ಶೇ 4. ಅದೇ ದಿನ 95 ಷೇರು ಇಟ್ಟುಕೊಂಡವನ ನಷ್ಟ ಕಾಗದದ ಮೇಲೆ 760. ಅವನ 97 ಇನ್ನೂ ದೂರವಿದೆ, ಅವನು ಹೊರಬರಬೇಕಾಗಿಯೂ ಇಲ್ಲ.

ಆದ್ದರಿಂದ ಪಟ್ಟಿಯಲ್ಲಿ ಸ್ಟಾಪ್‌ಲಾಸ್ ಮೊದಲು, ಷೇರುಗಳ ಸಂಖ್ಯೆ ಆಮೇಲೆ. ಸಂಖ್ಯೆ ಇಷ್ಟವಾಗಲಿಲ್ಲವೆಂದು ಹಿಂದಕ್ಕೆ ಹೋಗಿ ಸ್ಟಾಪ್‌ಲಾಸ್ ತಿದ್ದುವಂತಿಲ್ಲ. ಅದನ್ನು ಪೆನ್ನಿನಲ್ಲೇ ಬರೆಯಿರಿ, ಪೆನ್ಸಿಲ್ ಬೇಡ. ಸರಿಯಾದ ಜಾಗದಲ್ಲಿದೆಯೇ ಎಂದು ಪರೀಕ್ಷಿಸಲು ಕಳೆದ 14 ದಿನಗಳಲ್ಲಿ ಪ್ರತಿದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆಗಳ ವ್ಯತ್ಯಾಸದ ಸರಾಸರಿ ತೆಗೆಯಿರಿ. ಸ್ಟಾಪ್‌ಲಾಸಿನ ಅಂತರ ಅದರ ಒಂದೂವರೆ ಪಟ್ಟಾದರೂ ಇಲ್ಲದಿದ್ದರೆ ಅದನ್ನು ಅವಸರವೇ ಬರೆಸಿದೆ ಎಂದು ತಿಳಿಯಿರಿ.

ಸ್ಟಾಪ್‌ಲಾಸೇ ಬೇಡ, ಇಳಿದರೆ ಇಟ್ಟುಕೊಂಡು ಕಾಯುತ್ತೇನೆ ಎನ್ನುವವರಿಗೆ ಒಂದು ಮಾತು. ಅಮೆರಿಕದ ನಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್‌ನಲ್ಲಿ 5,000 ದಾಟಿ, 2002ರ ಅಕ್ಟೋಬರ್ ಹೊತ್ತಿಗೆ ಶೇ 75ಕ್ಕೂ ಹೆಚ್ಚು ಕುಸಿಯಿತು. ಹಳೆಯ ಎತ್ತರಕ್ಕೆ ಮರಳಿದ್ದು 2015ರಲ್ಲಿ. ಅದೂ ಇಡೀ ಸೂಚ್ಯಂಕದ ಕಥೆ. ಆಗ ಜನ ಮುಗಿಬಿದ್ದು ಕೊಂಡ ಎಷ್ಟೋ ಕಂಪನಿಗಳು ಮರಳಲೇ ಇಲ್ಲ.

ನಾಲ್ಕನೆಯ ಪ್ರಶ್ನೆ: ಮಾರುಕಟ್ಟೆ ಮುಚ್ಚಿದ ಮೇಲೆಯೂ ಇದೇ ಉತ್ತರವೇ? ಮೇಲಿನ ಮೂರನ್ನೂ ವಹಿವಾಟಿನ ಸಮಯದಲ್ಲಿ ಬರೆದಿದ್ದರೆ, ಬೆಲೆ ಅಲುಗಾಡದ ಹೊತ್ತಿನಲ್ಲಿ ಮತ್ತೊಮ್ಮೆ ಓದಿ. ಕೊಳ್ಳುವುದೇ ಆದರೆ ಮರುದಿನ, ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಬೆಲೆ ನಮೂದಿಸುವ ಲಿಮಿಟ್ ಆರ್ಡರ್ ಹಾಕಿ. ಓಡುತ್ತಿರುವ ಷೇರಿಗೆ, ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಕೊಟ್ಟರೆ ಪರದೆಯಲ್ಲಿ ಕಂಡದ್ದಕ್ಕಿಂತ ಮೇಲಿನ ಬೆಲೆ ಕೊಡಬೇಕಾಗಿ ಬರಬಹುದು, ಆಗ ಬರೆದಿಟ್ಟ ಅಂತರವೆಲ್ಲ ಬದಲಾಗುತ್ತದೆ.

‘ಸದ್ಯಕ್ಕೆ ಸ್ವಲ್ಪ ಕೊಂಡಿಟ್ಟಿರುತ್ತೇನೆ’ ಎಂಬ ಅಡ್ಡದಾರಿಯನ್ನು ಹಲವರು ಸೂಚಿಸುತ್ತಾರೆ. ಸ್ಟಾಪ್‌ಲಾಸ್ ಬರೆದು 95 ಷೇರು ಕೊಂಡರೆ ನನ್ನ ಅಭ್ಯಂತರವಿಲ್ಲ. ಬರೆಯದೆ 50 ಕೊಂಡರೆ ಅದು ಬೇಡ. ಏರಿದಾಗ ಇನ್ನಷ್ಟು, ಇಳಿದಾಗ ಸರಾಸರಿ ತಗ್ಗಿಸಲು ಮತ್ತಷ್ಟು ಎಂದು ಆ 50 ಬೆಳೆಯುತ್ತಲೇ ಹೋಗುತ್ತದೆ. ದುಡ್ಡು ಕಟ್ಟಿಸಿಕೊಂಡು ಗಳಿಗೆಗೊಂದು ಸಲಹೆ ಕಳಿಸುವ ಗುಂಪುಗಳಲ್ಲಿದ್ದರೆ ಏರಿಕೆಯ ದಿನಗಳಲ್ಲಿ ಅವುಗಳಿಂದ ಹೊರಬನ್ನಿ. ‘ಈಗಲೇ ಕೊಳ್ಳಿ’ ಎನ್ನುವ ಸಂದೇಶದಲ್ಲಿ ಮೇಲಿನ ಎರಡನೆಯ ಪ್ರಶ್ನೆಗೆ ಉತ್ತರವಿರುವುದನ್ನು ನಾನು ಕಂಡದ್ದು ಬಹಳ ಅಪರೂಪ.

ಪಟ್ಟಿ ‘ಬೇಡ’ ಎಂದರೆ ಷೇರನ್ನು ಮರೆಯಬೇಕಿಲ್ಲ. ಬೆಲೆ ಎಲ್ಲಿಗೆ ಬಂದರೆ ಮತ್ತೆ ನೋಡುತ್ತೇನೆ ಎಂದು ಅದೇ ಕಾಗದದಲ್ಲಿ ಬರೆದು, ಮೊಬೈಲಿನಲ್ಲಿ ಆ ಬೆಲೆಗೆ ಎಚ್ಚರಿಕೆ ಇಟ್ಟುಕೊಳ್ಳಿ. ನಮ್ಮ ಉದಾಹರಣೆಯ ಷೇರು 118ರಿಂದ ಇಳಿದು, ಕೆಲವು ದಿನ 107ರಿಂದ 111ರ ನಡುವೆ ನಿಂತು, ಮತ್ತೆ 112ಕ್ಕೆ ಏರಿತು ಎನ್ನಿ. ಈಗ ಷೇರು ತಾನಾಗಿಯೇ ಹೊಸ ಗೆರೆ ಎಳೆದುಕೊಟ್ಟಿದೆ. ಸ್ಟಾಪ್‌ಲಾಸ್ 106, ಅಂತರ 6, ಅಂದರೆ ದಿನದ ಏರಿಳಿತದ ಎರಡು ಪಟ್ಟು. 2,000ವನ್ನು 6ರಿಂದ ಭಾಗಿಸಿದರೆ 333 ಷೇರು. ಕೆಲವೊಮ್ಮೆ ಬೆಲೆ ಇಳಿಯದೆ ನೇರ 130ಕ್ಕೆ ಹೋಗುವುದೂ ಉಂಟು. ಪಟ್ಟಿ ಅದನ್ನು ತಡೆಯಲಾರದು, ಏರಿಕೆ ಎಲ್ಲಿ ಮುಗಿಯುತ್ತದೆ ಎಂದೂ ಹೇಳಲಾರದು. ಹಾಗಾದಾಗ 130ರ ಬೆಲೆಗೆ ಹೊಸ ಕಾಗದ ತೆಗೆದು ಮೊದಲ ಪ್ರಶ್ನೆಯಿಂದಲೇ ಶುರುಮಾಡಬೇಕು. 118ರ ಕಾಗದದ ಉತ್ತರಗಳು ಅಲ್ಲಿಗೆ ಸಲ್ಲುವುದಿಲ್ಲ.