ಬ್ರೋಷರಿನಲ್ಲಿ ರಾತ್ರಿ ಎರಡು ಗಂಟೆ

ಕನಕಪುರ ರಸ್ತೆಯ ಕಡೆ ಇರುವ ಒಂದು ಹಿರಿಯರ ಆರೈಕೆ ಮನೆಗೆ ಬ್ರೋಷರ್ ಬರೆದುಕೊಟ್ಟೆ. ಓದುವವರು ಹೆಚ್ಚಾಗಿ ಅಮೆರಿಕದಲ್ಲಿರುವ ಮಕ್ಕಳು. ಮಾಲೀಕರ ಟಿಪ್ಪಣಿಯಲ್ಲಿ ಮನೆಯಂಥ ವಾತಾವರಣ, ಸಾತ್ವಿಕ ಊಟ, 24 ಗಂಟೆ ವೈದ್ಯಕೀಯ ಸೌಲಭ್ಯ ಎಲ್ಲ ಇತ್ತು. ಊಟ, ತೋಟ, ಭಜನೆಗೆ ಒಂದು ಪುಟ ಸಾಕೆಂದೆ. ದೂರದಲ್ಲಿರುವ ಮಗಳಿಗೆ ನಿದ್ದೆ ಕೆಡಿಸುವುದು ಬೇರೆಯೇ: ಅಪ್ಪ ರಾತ್ರಿ ಬಾತ್‌ರೂಮಿನಲ್ಲಿ ಜಾರಿಬಿದ್ದರೆ ಏನಾಗುತ್ತೆ?

ಅದನ್ನೇ ನೈಟ್ ಡ್ಯೂಟಿಯ ಸಿಸ್ಟರ್‌ಗೆ ಕೇಳಿದೆ. "ತಕ್ಷಣ ಎತ್ತಲ್ಲ ಸಾರ್. ಎಲ್ಲಿ ನೋವು ಅಂತ ಕೇಳ್ತೀವಿ. ಒಂದು ಕಾಲು ಗಿಡ್ಡ ಆಗಿ ಹೊರಗೆ ತಿರುಗಿದ್ರೆ ಸೊಂಟದ ಮೂಳೆ ಮುರಿದಿರಬಹುದು, ಅಲುಗಾಡಿಸಬಾರದು. ಬಿಪಿ, ಶುಗರ್ ನೋಡ್ತೀವಿ. ತಲೆಗೆ ಪೆಟ್ಟಾಗಿ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಾದ್ರೆ ಚೆನ್ನಾಗಿ ಕಂಡ್ರೂ ಆಸ್ಪತ್ರೆಗೆ ಕಳಿಸ್ತೀವಿ," ಎಂದರು. ನನಗೆ ಬೇಕಾದ ಪ್ಯಾರಾ ಅವರ ಬಾಯಲ್ಲೇ ಇತ್ತು. ನಾನು ಜೋಡಿಸಿದ್ದು ಹೀಗೆ:

"ರಾತ್ರಿ ನರ್ಸ್ ಇಲ್ಲೇ ಇರುತ್ತಾರೆ, ವೈದ್ಯರು ಕರೆದಾಗ ಬರುತ್ತಾರೆ. ನಿಮ್ಮ ತಂದೆ ಬಿದ್ದರೆ ಮೊದಲು ಪರೀಕ್ಷೆ, ಬೇಕಾದರೆ ಆಂಬುಲೆನ್ಸ್, ಆಮೇಲೆ ನಿಮಗೆ ಫೋನ್. ನಿಮ್ಮ ಒಪ್ಪಿಗೆಗೆ ಕಾದು ಆಂಬುಲೆನ್ಸ್ ತಡಮಾಡುವುದಿಲ್ಲ."

ಮಾಲೀಕರು ಮುಖ ಸಿಂಡರಿಸಿದರು. "ಬ್ರೋಷರಿನಲ್ಲಿ ಬೀಳೋ ಮಾತು ಯಾಕೆ ಸಾರ್, ಅಪಶಕುನ." ವೈದ್ಯರು ರಾತ್ರಿ ಇರುವುದಿಲ್ಲ ಅಂತ ಬರೆದದ್ದೂ ಅವರಿಗೆ ಚುಚ್ಚಿತು. '24 ಗಂಟೆ' ಅಂತ ಓದಿದವರು ಡಾಕ್ಟರ್ ಅಲ್ಲೇ ಮಲಗುತ್ತಾರೆ ಅಂದುಕೊಳ್ಳುತ್ತಾರೆ. ಬೇಕಾದ ರಾತ್ರಿ ಇಲ್ಲದಿದ್ದರೆ ಜಗಳ ಅಲ್ಲಿಂದಲೇ ಶುರು ಎಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದರು.

ಇನ್ನೊಂದು ತೊಡಕು ಗಡಿಯಾರದ್ದು. ಇಲ್ಲಿ ರಾತ್ರಿ ಎರಡಾದಾಗ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಾದರೆ ಹಿಂದಿನ ದಿನದ ಮಧ್ಯಾಹ್ನ ಒಂದೂವರೆ. ಮಗ ಮೀಟಿಂಗಿನಲ್ಲಿ, ಫೋನ್ ಸೈಲೆಂಟ್. ಹಾಗಾಗಿ "ಮೆಸೇಜ್ ಅಲ್ಲ, ಕರೆ ಮಾಡುತ್ತೇವೆ, ನೀವು ಎತ್ತದಿದ್ದರೆ ಎರಡನೆಯ ನಂಬರಿಗೆ" ಎಂದು ಸೇರಿಸಿದೆ. ಆ ಎರಡನೆಯ ನಂಬರು ಬೆಂಗಳೂರಿನಲ್ಲೇ ಇರುವವರದ್ದಾಗಬೇಕು. ಆಪರೇಷನ್ನಿಗೆ ಪ್ರಜ್ಞೆ, ತಿಳಿವಳಿಕೆ ಸರಿಯಿದ್ದರೆ ಅಪ್ಪನೇ ಸಹಿ ಹಾಕುತ್ತಾರೆ. ಇಲ್ಲದಿದ್ದರೆ ಆಸ್ಪತ್ರೆಯವರು ಹತ್ತಿರದ ಸಂಬಂಧಿಕರನ್ನು ಕೇಳುತ್ತಾರೆ, ಅಡ್ವಾನ್ಸ್ ಕಟ್ಟುವವರೂ ಬೇಕು. ಸೋದರಮಾವನೋ ದೊಡ್ಡಪ್ಪನ ಮಗನೋ, ಯಾರು ಅಂತ ಸೇರಿಸುವ ದಿನವೇ ಬರೆಸಿಕೊಳ್ಳುತ್ತೇವೆ ಎಂದು ಬ್ರೋಷರಿನಲ್ಲೇ ಹೇಳಿದೆವು. ಇನ್ಶೂರೆನ್ಸ್ ಕಾರ್ಡಿನ ಪ್ರತಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಫೈಲಿನ ಮೊದಲ ಹಾಳೆಯಲ್ಲಿರುತ್ತವೆ ಎನ್ನುವುದನ್ನೂ.

'ನಿಶ್ಚಿಂತೆಯಿಂದಿರಿ' ಎಂಬ ಸಾಲನ್ನು ತೆಗೆದುಹಾಕಿದೆ. ಹಾಗೆ ಹೇಳಿಸಿಕೊಂಡು ಯಾರೂ ನಿಶ್ಚಿಂತರಾಗಿದ್ದನ್ನು ನಾನು ಕಂಡಿಲ್ಲ.

ರಾತ್ರಿಯ ವ್ಯವಸ್ಥೆಯ ಪುಟವನ್ನು ಮಾತ್ರ ಹೊಲಿಗೆಗೆ ಸೇರಿಸದೆ ಬಿಡಿ ಹಾಳೆಯಾಗಿ ಅಚ್ಚು ಹಾಕಿಸಿದೆವು. ವೈದ್ಯರು ಬದಲಾದರೆ, ಹತ್ತಿರದ ಆಸ್ಪತ್ರೆ ಬೇರೆಯಾದರೆ ಆ ಒಂದು ಹಾಳೆ ಹೊಸದಾಗಿ ಹಾಕಿಸಿದರಾಯಿತು.